ಕಾಲ್ ಆಪ್ಷನ್ ಬೆಲೆಯೊಳಗಿನ d1 ಮತ್ತು d2: ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿದಾಗ

ಒಂದು ಷೇರು ಇಂದು ₹1000ಕ್ಕೆ ವಹಿವಾಟಾಗುತ್ತಿದೆ. ಮೂರು ತಿಂಗಳ ನಂತರ ಅದನ್ನು ₹1050ಕ್ಕೆ ಕೊಳ್ಳುವ ಹಕ್ಕನ್ನು ಯಾರೋ ನಿಮಗೆ ಮಾರಲು ಸಿದ್ಧರಿದ್ದಾರೆ. ಆ ದಿನ ಷೇರು ₹1050ರ ಮೇಲಿದ್ದರೆ ಹಕ್ಕು ಚಲಾಯಿಸುತ್ತೀರಿ, ಕೆಳಗಿದ್ದರೆ ಸುಮ್ಮನಾಗುತ್ತೀರಿ. ಈ ಹಕ್ಕೇ ಕಾಲ್ ಆಪ್ಷನ್, ₹1050 ಅದರ ಸ್ಟ್ರೈಕ್ ಬೆಲೆ. ಇದಕ್ಕೆ ಇಂದು ಎಷ್ಟು ಪ್ರೀಮಿಯಂ ಕೊಡುವುದು ನ್ಯಾಯ?

1973ರಲ್ಲಿ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಈ ಪ್ರಶ್ನೆಗೆ ಒಂದು ಸೂತ್ರ ಕೊಟ್ಟರು. ಅದೇ ವರ್ಷ ರಾಬರ್ಟ್ ಮರ್ಟನ್ ಅದರ ತರ್ಕವನ್ನು ಇನ್ನಷ್ಟು ಗಟ್ಟಿಗೊಳಿಸಿದರು. 1997ರಲ್ಲಿ ಶೋಲ್ಸ್ ಮತ್ತು ಮರ್ಟನ್‌ಗೆ ನೊಬೆಲ್ ಬಂದಾಗ ಬ್ಲ್ಯಾಕ್ ಬದುಕಿರಲಿಲ್ಲ. ಸೂತ್ರ ಇಷ್ಟೇ:

```
d1 = [ ln(S/K) + (r + σ²/2)·T ] / (σ·√T)
d2 = d1 − σ·√T
C  = S·N(d1) − K·e^(−rT)·N(d2)
```

S ಇಂದಿನ ಷೇರು ಬೆಲೆ, K ಸ್ಟ್ರೈಕ್, T ವರ್ಷಗಳಲ್ಲಿ ಉಳಿದಿರುವ ಅವಧಿ, r ಅಪಾಯವಿಲ್ಲದ ಬಡ್ಡಿದರ, σ ಷೇರಿನ ವಾರ್ಷಿಕ ಏರಿಳಿತದ ಪ್ರಮಾಣ, ಅಂದರೆ ವೊಲಾಟಿಲಿಟಿ. N ಎಂದರೆ ಸ್ಟ್ಯಾಂಡರ್ಡ್ ನಾರ್ಮಲ್ ವಿತರಣೆಯ ಕೋಷ್ಟಕದಲ್ಲಿ ನೋಡುವ ಸಂಖ್ಯೆ, ಅಂದರೆ ಒಂದು ಬಿಂದುವಿನ ಎಡಕ್ಕೆ ಬೀಳುವ ಪಾಲು. ಹೆಚ್ಚಿನವರು ಇದನ್ನು ಬಾಯಿಪಾಠ ಮಾಡಿ, d1 ಮತ್ತು d2ಗಳನ್ನು ದಾರಿಯ ನಡುವಿನ ನಿಲ್ದಾಣಗಳಂತೆ ದಾಟಿಬಿಡುತ್ತಾರೆ. ಆದರೆ ಸೂತ್ರದ ಅರ್ಥವೆಲ್ಲ ಇರುವುದು ಈ ಎರಡರಲ್ಲೇ. ಲೆಕ್ಕ ತಪ್ಪಿದಾಗ ಅದು ಅಡಗಿ ಕೂರುವುದೂ ಇವುಗಳಲ್ಲೇ.

ಮೊದಲು ಷೇರು ಬೆಲೆಯ ಸ್ವಭಾವ ನೋಡೋಣ. ಷೇರು ಕೂಡುವ ಲೆಕ್ಕದಲ್ಲಿ ಅಲ್ಲ, ಗುಣಿಸುವ ಲೆಕ್ಕದಲ್ಲಿ ಬದಲಾಗುತ್ತದೆ. ₹100ರ ಷೇರಿಗೆ ₹5ರ ಏರಿಕೆ ಎಷ್ಟು ದೊಡ್ಡದೋ ₹1000ದ ಷೇರಿಗೆ ₹50 ಅಷ್ಟೇ ದೊಡ್ಡದು. ಹೀಗೆ ದಿನದ ಮೇಲೆ ದಿನ ಸಣ್ಣ ಸಣ್ಣ ಗುಣಕಗಳಿಂದ ಬೆಲೆಯನ್ನು ಗುಣಿಸುತ್ತ ಹೋದರೆ, ಬೆಲೆಯ ಲಾಗರಿದಮ್‌ನಲ್ಲಿ ಅವೆಲ್ಲ ಕೂಡುತ್ತ ಹೋಗುತ್ತವೆ. ಸಣ್ಣಸಣ್ಣ ಸ್ವತಂತ್ರ ಬದಲಾವಣೆಗಳ ಮೊತ್ತ ನಾರ್ಮಲ್ ವಿತರಣೆಯತ್ತ ಸಾಗುತ್ತದೆ. ಬೆಲೆಯ ಲಾಗರಿದಮ್ ನಾರ್ಮಲ್ ಆಗಿದ್ದರೆ ಬೆಲೆ ಲಾಗ್‌ನಾರ್ಮಲ್ ಎನ್ನುತ್ತೇವೆ. ಇದರಿಂದ ಒಂದು ಅನುಕೂಲ ತಾನಾಗಿಯೇ ಸಿಗುತ್ತದೆ: ಬೆಲೆ ಎಂದೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ, ಮೇಲಕ್ಕೆ ಮಾತ್ರ ಉದ್ದನೆಯ ಬಾಲ ಇರುತ್ತದೆ.

ಈಗ ಎಲ್ಲರನ್ನೂ ಗೊಂದಲಕ್ಕೆ ಕೆಡವುವ ಆ σ²/2. ಒಂದು ಷೇರು ₹1000ದಿಂದ 20% ಏರಿ, ಮರುದಿನ 20% ಇಳಿಯಿತು ಎಂದುಕೊಳ್ಳಿ. ಏರಿಳಿತ ಸಮವಾಗಿದ್ದರೂ ಷೇರು ಹೊರಟಲ್ಲಿಗೆ ಮರಳುವುದಿಲ್ಲ. 1200 ಆಗಿ, ಅಲ್ಲಿಂದ 960ಕ್ಕೆ ಬರುತ್ತದೆ. ಎರಡು ಹೆಜ್ಜೆಯಲ್ಲಿ 4% ಹೋಯಿತು, ಹೆಜ್ಜೆಗೆ ಸುಮಾರು 2%. 0.20ರ ವರ್ಗದ ಅರ್ಧ ಸರಿಯಾಗಿ 0.02. ಅಂದರೆ ಏರಿಳಿತವೇ ಷೇರಿನ ಮಾಮೂಲಿ ದಾರಿಯನ್ನು σ²/2ರಷ್ಟು ಕೆಳಕ್ಕೆ ಎಳೆಯುತ್ತದೆ. ಸರಾಸರಿ ಮಾತ್ರ ಕುಗ್ಗುವುದಿಲ್ಲ, ಏಕೆಂದರೆ ಎರಡು ಸಲವೂ ಏರಿದ ಷೇರು 1440 ಮುಟ್ಟಿ ಸರಾಸರಿಯನ್ನು ಮೇಲೆತ್ತಿ ಹಿಡಿಯುತ್ತದೆ. ಲಾಗ್‌ನಾರ್ಮಲ್‌ನಲ್ಲಿ ಸರಾಸರಿ ಬೆಲೆಯೂ ನಟ್ಟನಡುವಿನ ಬೆಲೆಯೂ ಬೇರೆಬೇರೆ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನ ದಾರಿ ಸಲೀಸು.

ನಮ್ಮ ಷೇರಿಗೆ ಸಂಖ್ಯೆಗಳನ್ನು ಹಾಕೋಣ. S = 1000, K = 1050, T = 0.25, r = 0.06, σ = 0.30. ಈ 30% ಎಲ್ಲಿಂದ ಬಂತು? ಷೇರಿನ ದಿನದ ಲಾಗ್ ಬದಲಾವಣೆಗಳ ಪ್ರಮಾಣಿತ ವಿಚಲನೆಯನ್ನು ಕಂಡುಹಿಡಿದು, ವರ್ಷದ ವಹಿವಾಟು ದಿನಗಳ ಅಂದಾಜು ಸಂಖ್ಯೆ 252ರ ವರ್ಗಮೂಲದಿಂದ ಗುಣಿಸುತ್ತಾರೆ. ದಿನಕ್ಕೆ 1.89% ಅಲುಗಾಡುವ ಷೇರಿಗೆ ವರ್ಷಕ್ಕೆ 30% ಬರುತ್ತದೆ. ಮೂರು ತಿಂಗಳಿಗೆ ಬೇಕಾದದ್ದು σ√T, ಅಂದರೆ 0.30 × 0.5 = 0.15. ಅವಧಿ ಕಾಲು ಪಾಲಾದರೂ ಏರಿಳಿತ ಅರ್ಧವಷ್ಟೇ ಆಗುತ್ತದೆ.

d1ಗಿಂತ ಮೊದಲು d2 ನೋಡುವುದು ಒಳ್ಳೆಯದು, ಅದರ ಅರ್ಥ ನೇರವಾಗಿದೆ. ಷೇರು ಅಪಾಯವಿಲ್ಲದ ಬಡ್ಡಿದರದಲ್ಲಿ ಬೆಳೆಯುತ್ತದೆ ಎಂದು ಸದ್ಯಕ್ಕೆ ಒಪ್ಪಿಕೊಳ್ಳಿ (ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ). ಆಗ ಮೂರು ತಿಂಗಳ ನಂತರದ ಸರಾಸರಿ ಬೆಲೆ 1000 × e^0.015, ಅಂದರೆ ₹1015.11. ನಡುವಿನ ಬೆಲೆಗೆ ಬಡ್ಡಿಯಿಂದ σ²/2 ಕಳೆಯಬೇಕು: (0.06 − 0.045) × 0.25 = 0.00375. ಹಾಗಾಗಿ ನಡುವಿನ ಬೆಲೆ ₹1003.76. ಷೇರು ಇದರ ಮೇಲೆ ನಿಲ್ಲುವ ಸಾಧ್ಯತೆ ಅರ್ಧ, ಕೆಳಗೆ ನಿಲ್ಲುವ ಸಾಧ್ಯತೆ ಅರ್ಧ.

ಇಲ್ಲಿಂದ ಸ್ಟ್ರೈಕ್ ಎಷ್ಟು ದೂರ? ಲಾಗರಿದಮ್‌ನಲ್ಲಿ ಅಳೆದರೆ ln(1050/1003.76) = 0.0450. ಇದನ್ನು 0.15ರಿಂದ ಭಾಗಿಸಿದರೆ 0.3003. ಸ್ಟ್ರೈಕ್ ನಡುವಿನ ಬೆಲೆಗಿಂತ ಪ್ರಮಾಣಿತ ವಿಚಲನೆಯ 0.30ರಷ್ಟು ಮೇಲಿದೆ. ಚಿಹ್ನೆ ತಿರುಗಿಸಿದರೆ ಅದೇ d2 = −0.3003. N(d2) = 0.3820. ಅಂದರೆ ಷೇರು ₹1050 ದಾಟಿ ಮುಗಿಯುವ ಸಾಧ್ಯತೆ 38.2%. ಹಕ್ಕು ಚಲಾವಣೆಯಾದರಷ್ಟೇ ನಾವು ₹1050 ಕೊಡುವುದು. ಆದ್ದರಿಂದ ಆ ಪಾವತಿಯ ಇಂದಿನ ಮೌಲ್ಯ 1050 × e^−0.015 = 1034.37, ಅದಕ್ಕೆ 0.3820ರ ಗುಣಾಕಾರ: ₹395.11. ಸೂತ್ರದ ಎರಡನೆಯ ತುಂಡು ಮುಗಿಯಿತು.

ಮೊದಲ ತುಂಡು ನಮಗೆ ಸಿಗುವ ಷೇರಿನದು. ಅಲ್ಲಿಗೂ 38.2% ಅನ್ನೇ ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಕೊಡುವ ಹಣ ಯಾವಾಗಲೂ ₹1050, ಆದರೆ ಸಿಗುವ ಷೇರಿನ ಬೆಲೆ ಅಂದಿನ ಬೆಲೆಯೇ. ಮತ್ತು ಷೇರು ನಮ್ಮ ಕೈಗೆ ಬರುವುದು ಅದು ದುಬಾರಿಯಾದ ಸಂದರ್ಭಗಳಲ್ಲಿ ಮಾತ್ರ. ₹1300 ಆಗುವ ಸನ್ನಿವೇಶಕ್ಕೆ ₹1100 ಆಗುವ ಸನ್ನಿವೇಶಕ್ಕಿಂತ ಹೆಚ್ಚು ತೂಕ ಸಿಗಬೇಕು. ಪ್ರತಿ ಸನ್ನಿವೇಶಕ್ಕೂ ಅದರ ಬೆಲೆಯಷ್ಟೇ ತೂಕ ಕೊಟ್ಟರೆ ನಾರ್ಮಲ್ ವಕ್ರರೇಖೆಯ ಆಕಾರ ಹಾಗೇ ಉಳಿದು, ಅದರ ಕೇಂದ್ರ ಮಾತ್ರ σ²Tಯಷ್ಟು ಬಲಕ್ಕೆ ಸರಿಯುತ್ತದೆ. ಮೊದಲು −σ²/2 ಇದ್ದಲ್ಲಿ σ² ಸೇರಿ +σ²/2 ಆಗುತ್ತದೆ. d1ರಲ್ಲಿ ಪ್ಲಸ್ ಚಿಹ್ನೆ ಬಂದದ್ದು ಹೀಗೆ. d1 ಮತ್ತು d2 ನಡುವೆ σ√Tಯ ಅಂತರ ಇರುವುದೂ ಇದರಿಂದಲೇ.

ಲೆಕ್ಕ ಹಾಕೋಣ. ln(1000/1050) = −0.04879. (0.06 + 0.045) × 0.25 = 0.02625. ಕೂಡಿದರೆ −0.02254, ಅದನ್ನು 0.15ರಿಂದ ಭಾಗಿಸಿದರೆ d1 = −0.1503. ಇದರಿಂದ 0.15 ಕಳೆದರೆ d2 = −0.3003, ಆಗಲೇ ಬಂದ ಉತ್ತರವೇ. N(d1) = 0.4403, ಮೊದಲ ತುಂಡು ₹440.28. ಅದರಿಂದ 395.11 ಕಳೆದರೆ ಕಾಲ್‌ನ ಬೆಲೆ ಸುಮಾರು ₹45.16.

ಇದನ್ನೇ ಇನ್ನೊಂದು ರೀತಿಯಲ್ಲಿ ಓದಬಹುದು, ನನಗೆ ಇದೇ ಹೆಚ್ಚು ಇಷ್ಟ. ಷೇರು ಸ್ಟ್ರೈಕ್ ದಾಟಿದ ಸಂದರ್ಭಗಳನ್ನು ಮಾತ್ರ ಆಯ್ದುಕೊಂಡರೆ ಅಲ್ಲಿನ ಸರಾಸರಿ ಬೆಲೆ 1015.11 × 0.4403 / 0.3820, ಅಂದರೆ ಸುಮಾರು ₹1170. ಸ್ಟ್ರೈಕ್ ಕಳೆದರೆ ಲಾಭ ₹120. ಈ ₹120 ಸಿಗುವ ಸಾಧ್ಯತೆ 38.2%, ಹಾಗಾಗಿ ₹45.84. ಮೂರು ತಿಂಗಳ ಬಡ್ಡಿ ತೆಗೆದು ಇಂದಿಗೆ ತಂದರೆ ₹45.16. "ಗೆದ್ದರೆ ಎಷ್ಟು, ಗೆಲ್ಲುವ ಸಾಧ್ಯತೆ ಎಷ್ಟು" ಎಂಬ ಎರಡು ಪ್ರಶ್ನೆಗಳಿಗಿಂತ ಹೆಚ್ಚಿನದು ಈ ಸೂತ್ರದಲ್ಲಿ ಏನೂ ಇಲ್ಲ.

ಬಡ್ಡಿದರದ ಪ್ರಶ್ನೆಗೆ ಬರೋಣ. ಷೇರು ವರ್ಷಕ್ಕೆ 15% ಬೆಳೆಯುತ್ತದೆ ಎಂದು ನೀವು ನಂಬಿರಬಹುದು. ಸೂತ್ರ ಅದನ್ನು ಕೇಳುವುದೇ ಇಲ್ಲ. ಕಾರಣ, ಆಪ್ಷನ್ ಮಾರಿದವರು ಕೈಕಟ್ಟಿ ಕೂರುವುದಿಲ್ಲ. ಅವರು N(d1) = 0.44 ಷೇರನ್ನು ಕೊಂಡು ಇಟ್ಟುಕೊಳ್ಳುತ್ತಾರೆ. ₹440.28ರ ಖರ್ಚಿನಲ್ಲಿ ₹45.16 ನಿಮ್ಮ ಪ್ರೀಮಿಯಂನಿಂದ ಬಂತು, ಉಳಿದ ₹395.11 ಸಾಲ. ಸೂತ್ರದ ಎರಡು ತುಂಡುಗಳು ಹೀಗೆ ಅವರ ಲೆಕ್ಕಪುಸ್ತಕದ ಎರಡು ಸಾಲುಗಳೇ ಆಗುತ್ತವೆ. ಷೇರು ₹10 ಏರಿ 1010 ಆದರೆ ಅವರ ಷೇರು ₹4.40 ಗಳಿಸುತ್ತದೆ, ಮಾರಿದ ಕಾಲ್‌ನ ಬೆಲೆ ಸುಮಾರು ₹4.53 ಏರುತ್ತದೆ. ₹10 ಇಳಿದರೆ ಷೇರು ₹4.40 ಕಳೆಯುತ್ತದೆ, ಕಾಲ್ ₹4.27 ಅಗ್ಗವಾಗುತ್ತದೆ. ಏರಿದರೂ ಇಳಿದರೂ ಅವರಿಗೆ ಸುಮಾರು 13 ಪೈಸೆಯ ನಷ್ಟ, ದಿಕ್ಕಿನ ಮೇಲೆ ಏನೂ ನಿಂತಿಲ್ಲ. ದಿನ ಕಳೆದಂತೆ ಆಪ್ಷನ್ ಸವೆಯುವುದರಿಂದ ಅವರಿಗೆ ಬರುವ ಹಣ ಈ ಸಣ್ಣ ನಷ್ಟಗಳನ್ನು ತುಂಬಿಕೊಡುತ್ತದೆ. ಬೆಲೆ ಬದಲಾದಂತೆಲ್ಲ 0.44 ಅನ್ನು ತಿದ್ದುತ್ತ ಹೋದರೆ ಷೇರು ಎತ್ತ ಹೋದೀತು ಎಂಬ ನಂಬಿಕೆಗೆ ಬೆಲೆಯಲ್ಲಿ ಜಾಗವೇ ಉಳಿಯುವುದಿಲ್ಲ, ಎಷ್ಟು ಅಲುಗಾಡೀತು ಎಂಬುದು ಮಾತ್ರ ಉಳಿಯುತ್ತದೆ. ಹಾಗೆಂದೇ 38.2% ಎಂಬುದು ಷೇರು ನಿಜವಾಗಿ ಸ್ಟ್ರೈಕ್ ದಾಟುವ ಸಾಧ್ಯತೆಯ ಭವಿಷ್ಯವಾಣಿಯಲ್ಲ. ಬೆಲೆ ಕಟ್ಟುವ ಲೆಕ್ಕದೊಳಗೆ ಮಾತ್ರ ಅದಕ್ಕೆ ಅರ್ಥ.

ಲೆಕ್ಕ ಎಲ್ಲಿ ಎಡವುತ್ತದೆ ಎಂಬುದರಲ್ಲಿ ಕಲಿಯಲು ತುಂಬಾ ಇದೆ. 30ನ್ನು 0.30 ಎಂದು ಬರೆಯದಿರುವುದು, ದಿನಗಳನ್ನು ವರ್ಷಕ್ಕೆ ತಿರುಗಿಸದಿರುವುದು ಇಂಥವು ಉತ್ತರವನ್ನೇ ಅಸಂಬದ್ಧ ಮಾಡುವುದರಿಂದ ಕೂಡಲೇ ಸಿಕ್ಕಿಬೀಳುತ್ತವೆ. ಸಿಕ್ಕಿಬೀಳದ ತಪ್ಪು ಬೇರೆಯದು. ಸ್ಪ್ರೆಡ್‌ಶೀಟಿನಲ್ಲಿ LN ಬದಲು LOG ಬರೆದರೆ ಎಕ್ಸೆಲ್ 10ರ ಆಧಾರದ ಲಾಗರಿದಮ್ ತೆಗೆದುಕೊಳ್ಳುತ್ತದೆ. ನಮ್ಮ ಲೆಕ್ಕದಲ್ಲಿ −0.04879 ಇರಬೇಕಾದಲ್ಲಿ −0.02119 ಬರುತ್ತದೆ. d1 = 0.0337, d2 = −0.1163 ಆಗುತ್ತವೆ. ಎರಡೂ ಪೂರಾ ತಪ್ಪು, d1ರ ಚಿಹ್ನೆ ಕೂಡ ತಿರುಗಿದೆ. ಆದರೂ ಕಾಲ್‌ನ ಬೆಲೆ ₹44.14! ಸರಿಯಾದ ಉತ್ತರಕ್ಕಿಂತ ಒಂದೇ ರೂಪಾಯಿ ಕಡಿಮೆ. ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಕೊಂಡಿಟ್ಟುಕೊಳ್ಳಬೇಕಾದ ಷೇರು 0.44ರ ಬದಲು 0.51 ಎಂದು ತೋರಿಸುತ್ತದೆ. ಮಾರಿದವರು ಅದನ್ನು ನಂಬಿದರೆ ಪ್ರತಿ ಲಾಟಿಗೂ ಬೇಡದ ಅಪಾಯ ಹೊರುತ್ತಾರೆ.

ಬೆಲೆ ಯಾಕೆ ಇಷ್ಟು ಕಡಿಮೆ ಕೆಟ್ಟಿತು? d1 ಮತ್ತು d2 ಒಟ್ಟಿಗೆ, ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿದವು. ಹಾಗೆ ಸರಿಸುವುದು ಎಂದರೆ ಹಕ್ಕು ಚಲಾಯಿಸುವ ಗಡಿಯನ್ನು ಬದಲಿಸುವುದು. ತಪ್ಪು d2 ಹೇಳುವ ಪ್ರಕಾರ ನಾವು ₹1050ರ ಬದಲು ಸುಮಾರು ₹1021 ದಾಟಿದರೆ ಸಾಕು, ಹಕ್ಕು ಚಲಾಯಿಸಿಬಿಡುತ್ತೇವೆ. 1021ಕ್ಕೂ 1050ಕ್ಕೂ ನಡುವೆ ಷೇರು ನಿಂತಾಗ ಒಂದಿಷ್ಟು ಕಳೆದುಕೊಳ್ಳುತ್ತೇವೆ, ಆದರೆ ಗಡಿಯ ಹತ್ತಿರದಲ್ಲಿ ಲಾಭವೂ ನಷ್ಟವೂ ಸೊನ್ನೆಗೆ ಸಮೀಪ. ಹಾಗಾಗಿ ಪೆಟ್ಟು ಸಣ್ಣದು. ಇನ್ನೊಂದು ಮಾತೂ ಇದರಿಂದ ಹೊರಡುತ್ತದೆ: ಗಡಿ ಎತ್ತ ತಪ್ಪಿದರೂ ಬೆಲೆ ಕಡಿಮೆಯೇ ಬರುತ್ತದೆ, ಎಂದೂ ಹೆಚ್ಚು ಬರುವುದಿಲ್ಲ.

ಎರಡರಲ್ಲಿ ಒಂದು ಮಾತ್ರ ತಪ್ಪಿದರೆ ಕಥೆ ತಿರುವುಮುರುವು. d2 ಒಂದರಲ್ಲೇ 0.01 ವ್ಯತ್ಯಾಸವಾದರೆ ಬೆಲೆ ₹3.94ರಷ್ಟು ಅಲುಗಾಡುತ್ತದೆ, ನಮ್ಮ ₹45ರಲ್ಲಿ ಅದು ಹೆಚ್ಚುಕಡಿಮೆ 9%. ಕೋಷ್ಟಕ ನೋಡಿ ಪರೀಕ್ಷೆ ಬರೆಯುವವರು ಇದನ್ನು ನೆನಪಿಡಬೇಕು. d1ನ್ನು ಎರಡು ದಶಮಾಂಶಕ್ಕೆ ತಂದುಕೊಂಡು, ಅದರಿಂದಲೇ d2 ಕಳೆದು ತೆಗೆಯಿರಿ. ನಮ್ಮಲ್ಲಿ −0.15 ಮತ್ತು −0.30 ಹಾಕಿದರೂ ₹45.17 ಬರುತ್ತದೆ. d2ನ್ನು ಬೇರೆ ಸೂತ್ರದಿಂದ ಹೊಸದಾಗಿ ಲೆಕ್ಕ ಹಾಕಿ ಬೇರೆಯಾಗಿ ದುಂಡು ಮಾಡಿದರೆ ಈ ರಕ್ಷಣೆ ಸಿಗುವುದಿಲ್ಲ.

ಉತ್ತರ ಸರಿಯೇ ಎಂದು ನೋಡಲು ಹಲವರು ಪುಟ್ ಆಪ್ಷನ್, ಅಂದರೆ ಅದೇ ಸ್ಟ್ರೈಕ್‌ಗೆ ಷೇರು ಮಾರುವ ಹಕ್ಕಿನ ಬೆಲೆಯನ್ನೂ ತೆಗೆದು ತಾಳೆ ನೋಡುತ್ತಾರೆ. ಕಾಲ್‌ನಿಂದ ಪುಟ್ ಕಳೆದರೆ S − K·e^(−rT) ಬರಬೇಕು. ನಮ್ಮ ಪುಟ್ ₹79.53, ವ್ಯತ್ಯಾಸ −34.37, ತಾಳೆಯಾಯಿತು. ಆದರೆ ಈ ತಾಳೆ d1, d2 ತಪ್ಪನ್ನು ಹಿಡಿಯುವುದೇ ಇಲ್ಲ. N(d) ಮತ್ತು N(−d) ಕೂಡಿದರೆ ಯಾವಾಗಲೂ 1 ಆಗುವುದರಿಂದ, LOG ಹಾಕಿದ ಲೆಕ್ಕದಲ್ಲೂ ಕಾಲ್ 44.14, ಪುಟ್ 78.51, ವ್ಯತ್ಯಾಸ ಅದೇ −34.37. ನಿಜವಾಗಿ ಕೆಲಸಕ್ಕೆ ಬರುವ ತಾಳೆ ಇನ್ನೊಂದಿದೆ. d1ರಲ್ಲಿ ನಾರ್ಮಲ್ ವಕ್ರರೇಖೆಯ ಎತ್ತರವನ್ನು Sನಿಂದ ಗುಣಿಸಿ, d2ರಲ್ಲಿ ಅದರ ಎತ್ತರವನ್ನು K·e^(−rT)ಯಿಂದ ಗುಣಿಸಿ. ಎರಡೂ ಸಮ ಬರಲೇಬೇಕು. ಗಡಿ ಸರಿಯಾದ ಜಾಗದಲ್ಲಿದೆ ಎಂಬುದರ ಗುರುತೇ ಅದು. ನಮ್ಮ ಲೆಕ್ಕದಲ್ಲಿ ಎರಡೂ 394.46. LOG ಲೆಕ್ಕದಲ್ಲಿ ಒಂದು 398.72, ಇನ್ನೊಂದು 409.87, ತಪ್ಪು ಅಲ್ಲೇ ಸಿಕ್ಕಿಬಿತ್ತು. ಸ್ಪ್ರೆಡ್‌ಶೀಟಿನಲ್ಲಿ ಇದಕ್ಕೆ ಒಂದೇ ಸಾಲು ಹೆಚ್ಚು ಸಾಕು, B9 ಸೊನ್ನೆ ಬರಬೇಕು:

```
B1: 1000   B2: 1050   B3: 0.06   B4: 0.30   B5: 0.25
B6: =(LN(B1/B2)+(B3+B4^2/2)*B5)/(B4*SQRT(B5))
B7: =B6-B4*SQRT(B5)
B8: =B1*NORM.S.DIST(B6,TRUE)-B2*EXP(-B3*B5)*NORM.S.DIST(B7,TRUE)
B9: =B1*NORM.S.DIST(B6,FALSE)-B2*EXP(-B3*B5)*NORM.S.DIST(B7,FALSE)
```

ಈ ಸೂತ್ರ ಅವಧಿಯ ಕೊನೆಯ ದಿನ ಮಾತ್ರ ಚಲಾಯಿಸಬಹುದಾದ ಯುರೋಪಿಯನ್ ಆಪ್ಷನ್‌ಗೆ ಹೊಂದುವಂಥದ್ದು. ಎನ್‌ಎಸ್‌ಇಯಲ್ಲಿ ನಿಫ್ಟಿ ಆಪ್ಷನ್‌ಗಳು ಆ ಬಗೆಯವು, 2011ರಿಂದ ಬಿಡಿ ಷೇರುಗಳ ಆಪ್ಷನ್‌ಗಳೂ ಅದೇ ಬಗೆಗೆ ಬಂದವು. ಹಾಗಾಗಿ ನಮ್ಮ ಮಾರುಕಟ್ಟೆಗೆ ಸೂತ್ರ ನೇರವಾಗಿ ಹೊಂದುತ್ತದೆ. ನಡುವೆ ಡಿವಿಡೆಂಡ್ ಇದ್ದರೆ ಅದರ ಇಂದಿನ ಮೌಲ್ಯವನ್ನು Sನಿಂದ ಕಳೆದು ಹಾಕಬೇಕು, ಏಕೆಂದರೆ ಆಪ್ಷನ್ ಹಿಡಿದವರಿಗೆ ಅದು ಸಿಗುವುದಿಲ್ಲ. ಒಂದು ತಿಂಗಳ ನಂತರ ₹10 ಡಿವಿಡೆಂಡ್ ಇದ್ದರೆ S 990.05 ಆಗಿ, ಕಾಲ್ ಸುಮಾರು ₹41ಕ್ಕೆ ಇಳಿಯುತ್ತದೆ.

ಇನ್ನು σ. ಐದು ಸಂಖ್ಯೆಗಳಲ್ಲಿ ನಾಲ್ಕು ಪರದೆಯ ಮೇಲೆ ಕಾಣುತ್ತವೆ, ಇದೊಂದು ಕಾಣುವುದಿಲ್ಲ. 30% ಬದಲು 25% ಹಾಕಿದರೆ ಅದೇ ಕಾಲ್ ₹35.35ಕ್ಕೆ ಇಳಿಯುತ್ತದೆ. ಐದು ಶೇಕಡಾವಾರು ಅಂಶಕ್ಕೆ ಬೆಲೆಯ ಐದನೇ ಒಂದು ಪಾಲಿಗೂ ಹೆಚ್ಚು ಹೋಯಿತು. ಆದ್ದರಿಂದ ವಹಿವಾಟುದಾರರು ಸೂತ್ರವನ್ನು ಹಿಂದುಮುಂದಾಗಿ ಓಡಿಸುತ್ತಾರೆ. ಮಾರುಕಟ್ಟೆಯಲ್ಲಿ ಕಾಲ್ ₹35.35ಕ್ಕೆ ಸಿಗುತ್ತಿದ್ದರೆ, ಯಾವ σ ಹಾಕಿದರೆ ಆ ಬೆಲೆ ಬರುತ್ತದೆ ಎಂದು ಹುಡುಕಿ "ಇದರ ಐವಿ 25" ಎನ್ನುತ್ತಾರೆ. ಐವಿ ಎಂದರೆ ಇಂಪ್ಲೈಡ್ ವೊಲಾಟಿಲಿಟಿ, ಬೆಲೆಯೊಳಗೆ ಅಡಗಿರುವ ಏರಿಳಿತ.

ಲಾಗ್‌ನಾರ್ಮಲ್ ಊಹೆ ನಿಜವಾಗಿದ್ದರೆ ಒಂದೇ ಷೇರಿನ, ಒಂದೇ ಅವಧಿಯ ಎಲ್ಲ ಸ್ಟ್ರೈಕ್‌ಗಳಿಗೂ ಐವಿ ಒಂದೇ ಬರಬೇಕಿತ್ತು. ಬರುವುದಿಲ್ಲ. ವರ್ಷಕ್ಕೆ 20% ಏರಿಳಿತ ಎಂದರೆ ದಿನಕ್ಕೆ ಸುಮಾರು 1.26%. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು 13% ಕುಸಿಯಿತು, ಅಂದರೆ ಆ ಅಳತೆಯ ಹತ್ತು ಪಟ್ಟು. ನಾರ್ಮಲ್ ಕೋಷ್ಟಕದ ಪ್ರಕಾರ ಅಂಥ ದಿನ ಬರಲೇಬಾರದು. ಆ ಹೊತ್ತಿಗೆ ಏರಿಳಿತವೇ ವಾರಗಟ್ಟಲೆಯಿಂದ ಉಕ್ಕಿತ್ತು ಎನ್ನುವುದು ನಿಜ, ಆದರೆ σ ಬದಲಾಗುವುದಿಲ್ಲ ಎಂಬ ಊಹೆ ಅಲ್ಲಿಗೆ ಮುರಿದಂತೆಯೇ ಆಯಿತು. ಅಮೆರಿಕದಲ್ಲಿ 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಸೂಚ್ಯಂಕ 22.6% ಬಿದ್ದ ಮೇಲೆ ಆಪ್ಷನ್ ಮಾರುವವರು ಈ ಕುಸಿತದ ಭಯಕ್ಕೂ ಬೆಲೆ ಕೇಳತೊಡಗಿದರು. ಅಲ್ಲಿಂದೀಚೆಗೆ ಸೂಚ್ಯಂಕದ ಆಪ್ಷನ್‌ಗಳಲ್ಲಿ ಕೆಳಗಿನ ಸ್ಟ್ರೈಕ್‌ಗಳ ಐವಿ ಸಾಮಾನ್ಯವಾಗಿ ಮೇಲಿನವುಗಳಿಗಿಂತ ಹೆಚ್ಚಿರುತ್ತದೆ. ಆದ್ದರಿಂದ ಆಪ್ಷನ್ ಚೈನ್‌ನಲ್ಲಿ ಪ್ರತಿ ಸ್ಟ್ರೈಕ್‌ನ ಸಾಲಿಗೂ ಅದರದೇ ಐವಿ ಬರೆದಿರುತ್ತದೆ, ಮತ್ತು d1, d2 ಲೆಕ್ಕ ಹಾಕುವಾಗ ಆ ಸಾಲಿನ ಐವಿಯನ್ನೇ σ ಜಾಗದಲ್ಲಿ ಹಾಕಬೇಕಾಗುತ್ತದೆ.